ನುಂಗಿದ್ದು ಒಂದೇ ಮಾತ್ರೆ, ರಕ್ತಕ್ಕಿಳಿದದ್ದು ಹಲವು

ಅಮೆರಿಕದ ಬೆಥೆಸ್ಡಾದಲ್ಲಿರುವ ನೌಕಾಪಡೆಯ ಆಸ್ಪತ್ರೆಗೆ 39 ವರ್ಷದ ಮಹಿಳೆಯೊಬ್ಬರು ಬಂದರು. ಎರಡು ದಿನಗಳಿಂದ ಆಗಾಗ ತಲೆ ಹಗುರಾಗಿ ಎಚ್ಚರ ತಪ್ಪುತ್ತಿತ್ತು. ಅವರಿಗೆ ಹೃದಯದ ಕಾಯಿಲೆ ಇರಲಿಲ್ಲ. ಆದರೆ ಇಸಿಜಿ ನೋಡಿದ ವೈದ್ಯರು ಗಾಬರಿಯಾಗುವಂತಿತ್ತು. ಹೃದಯದ ಕೆಳಗಿನ ಕೋಣೆಗಳು ಒಮ್ಮೆ ಮಿಡಿದು, ಮುಂದಿನ ಮಿಡಿತಕ್ಕೆ ವಿದ್ಯುತ್ತಿನ ಮಟ್ಟಿಗೆ ಸಜ್ಜಾಗಲು ಹಿಡಿಯುವ ಹೊತ್ತನ್ನು ಕ್ಯೂಟಿ ಎಂಬ ಅಳತೆ ತೋರಿಸುತ್ತದೆ. ಹೆಂಗಸರಲ್ಲಿ ಅದು ಸುಮಾರು 460 ಮಿಲಿಸೆಕೆಂಡಿನ ಒಳಗಿರಬೇಕು. ಇವರಲ್ಲಿ 655 ಇತ್ತು. ಅಷ್ಟು ಹಿಗ್ಗಿದ ಮೇಲೆ ಹೃದಯ ಯಾವ ಗಳಿಗೆಯಲ್ಲಾದರೂ ತಾಳ ತಪ್ಪಿ ರಕ್ತ ತಳ್ಳುವುದನ್ನೇ ಮರೆತುಬಿಡಬಹುದು. ಇವರಲ್ಲಿ ಅದು ಆಗಾಗ ಆಗುತ್ತಿತ್ತು, ಎಚ್ಚರ ತಪ್ಪುತ್ತಿದ್ದುದು ಅದಕ್ಕೇ.

ಅವರು ತೆಗೆದುಕೊಳ್ಳುತ್ತಿದ್ದ ಔಷಧಗಳ ಪಟ್ಟಿಯಲ್ಲಿ ಭಯ ಹುಟ್ಟಿಸುವಂಥದ್ದೇನೂ ಇರಲಿಲ್ಲ. ಹತ್ತು ದಿನಗಳ ಹಿಂದೆ ವೈದ್ಯರು ಒಂದು ಆ್ಯಂಟಿಬಯಾಟಿಕ್ಕನ್ನೂ ಅಲರ್ಜಿಗೆಂದು ಟರ್ಫೆನಡಿನ್ ಮಾತ್ರೆಯನ್ನೂ ಬರೆದುಕೊಟ್ಟಿದ್ದರು. ಎಂಟನೆಯ ದಿನ ಯೋನಿಯಲ್ಲಿ ಫಂಗಸ್ ಸೋಂಕು ಕಾಣಿಸಿತು. ಅದಕ್ಕೆ ವೈದ್ಯರನ್ನು ಕೇಳದೆ ತಾವೇ ಕೀಟೊಕೊನಜೋಲ್ ಮಾತ್ರೆ ಶುರುಮಾಡಿಕೊಂಡರು, 200 ಮಿಲಿಗ್ರಾಂ, ದಿನಕ್ಕೆರಡು. ಟರ್ಫೆನಡಿನ್ ಕೂಡ ಮಾಮೂಲಿ ಪ್ರಮಾಣದಲ್ಲೇ ಇತ್ತು: 60 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದು ಮಾತ್ರೆಯೂ ಹೆಚ್ಚಾಗಿರಲಿಲ್ಲ. ಆದರೂ ರಕ್ತ ಪರೀಕ್ಷೆಯಲ್ಲಿ ಟರ್ಫೆನಡಿನ್ ಇರಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು ಸಿಕ್ಕಿತು. ಪುಣ್ಯಕ್ಕೆ ಆಕೆ ಬದುಕಿಕೊಂಡರು. 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಪ್ರಕರಣ ಅಚ್ಚಾಯಿತು.

ಅಲರ್ಜಿಯ ಮಾತ್ರೆ ಆಕೆಯ ಹೃದಯವನ್ನು ಹೇಗೆ ಮುಟ್ಟಿತು ಎಂದು ತಿಳಿಯಬೇಕಾದರೆ, ನುಂಗಿದ ಮಾತ್ರೆ ರಕ್ತ ಸೇರುವ ದಾರಿಯಲ್ಲಿ ಏನೇನಾಗುತ್ತದೆ ಎಂದು ನೋಡಬೇಕು.

ಮಾತ್ರೆ ಹೊಟ್ಟೆಯಲ್ಲಿ ಕರಗಿ ಸಣ್ಣಕರುಳಿಗೆ ಇಳಿಯುತ್ತದೆ. ಅಲ್ಲಿಂದ ಕರುಳಿನ ಗೋಡೆಯ ಜೀವಕೋಶಗಳನ್ನು ಹಾದು ರಕ್ತನಾಳಕ್ಕೆ ಬರುತ್ತದೆ. ಆ ರಕ್ತ ನೇರವಾಗಿ ಹೃದಯಕ್ಕಾಗಲಿ ಮೆದುಳಿಗಾಗಲಿ ಹೋಗುವುದಿಲ್ಲ, ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ದಾಟಿದ ಮೇಲಷ್ಟೇ ಉಳಿದ ಮೈಯೆಲ್ಲ ಸುತ್ತುತ್ತದೆ. ಅಂದರೆ ದಾರಿಯಲ್ಲಿ ಎರಡು ಸುಂಕದ ಕಟ್ಟೆಗಳಿವೆ, ಕರುಳಿನ ಗೋಡೆಯಲ್ಲಿ ಒಂದು, ಲಿವರ್‌ನಲ್ಲಿ ಇನ್ನೊಂದು. ಎರಡರಲ್ಲೂ ಕುಳಿತು ವಸೂಲಿ ಮಾಡುವ ಕಿಣ್ವ ಬಹುಪಾಲು ಒಂದೇ. ಅದರ ಹೆಸರು ಸಿವೈಪಿ3ಎ4.

ಹೆಸರು ಕಾರಿನ ನಂಬರಿನ ಹಾಗಿದ್ದರೂ ಕೆಲಸ ಸರಳ. ಸೈಟೊಕ್ರೋಮ್ ಪಿ450 ಎಂಬ ದೊಡ್ಡ ಕಿಣ್ವ ಕುಟುಂಬ ನಮ್ಮೊಳಗಿದೆ, ಮನುಷ್ಯರಲ್ಲಿ ಅದಕ್ಕೆ 57 ಜೀನ್‌ಗಳಿವೆ. ಕುಟುಂಬದ ಪ್ರತಿಯೊಂದು ಕಿಣ್ವದ ನಡುವೆಯೂ ಒಂದು ಕಬ್ಬಿಣದ ಪರಮಾಣು ಕೂತಿರುತ್ತದೆ. ಕೊಬ್ಬಿನಲ್ಲಿ ಕರಗುವ, ಮೈಯಿಂದ ಸುಲಭವಾಗಿ ಹೊರಹೋಗದ ವಸ್ತುವೊಂದು ಸಿಕ್ಕಿದರೆ ಈ ಕಬ್ಬಿಣದ ಸಹಾಯದಿಂದ ಅದಕ್ಕೊಂದು ಆಮ್ಲಜನಕ ಅಂಟಿಸುತ್ತದೆ. ಹಾಗೆ ಮಾಡಿದ ಮೇಲೆ ಆ ವಸ್ತು ನೀರಿಗೆ ಒಗ್ಗುತ್ತದೆ, ಮೂತ್ರದಲ್ಲೋ ಪಿತ್ತರಸದಲ್ಲೋ ಹೊರಬೀಳುತ್ತದೆ. ಗಿಡಮರಗಳನ್ನು ತಿನ್ನುವ ಪ್ರಾಣಿಗಳಿಗೆ ಅವುಗಳ ವಿಷ ದಕ್ಕಬೇಕಲ್ಲ, ಆ ಕಾಲದಿಂದ ಬಂದ ರಕ್ಷಣೆ ಇದು. ಔಷಧವೂ ಹೊರಗಿನ ವಸ್ತುವೇ. ಅದು ಕಾಯಿಲೆ ವಾಸಿಮಾಡಲು ಬಂದಿದೆ ಎಂದು ಕಿಣ್ವಕ್ಕೆ ಗೊತ್ತಿಲ್ಲ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವೂ ಇಲ್ಲ. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಈ 3ಎ4 ಒಂದರ ಕೈಯಲ್ಲೇ ಸವೆಯುತ್ತವೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ರಕ್ತದೊತ್ತಡಕ್ಕೆ ಕೊಡುವ ಫೆಲೊಡಿಪಿನ್ ಎಂಬ ಮಾತ್ರೆ ಇದೆ. ನೂರು ಪಾಲು ನುಂಗಿದರೆ ಮೈಯ ರಕ್ತಕ್ಕೆ ಸೇರುವುದು ಸುಮಾರು 15 ಪಾಲು ಮಾತ್ರ. ಕರುಳಿನ ಗೋಡೆಯಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ, ಸರಿಸುಮಾರು 45 ಪಾಲು ದಾಟುತ್ತದೆ ಎಂದಿಟ್ಟುಕೊಳ್ಳಿ. ಲಿವರ್ ಅದರಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ ಬಿಡುತ್ತದೆ. ಉಳಿದದ್ದು 15. ಮಾತ್ರೆ ತಯಾರಿಸಿದವರಿಗೆ ಈ ಸೋರಿಕೆ ಗೊತ್ತು. ರೋಗಿಗಳ ಮೇಲೆ ಪರೀಕ್ಷೆ ಮಾಡಿ, ಸೋರಿದ ಮೇಲೆ ಉಳಿಯುವ ಪಾಲು ಸಾಕಾಗುವಷ್ಟು ಔಷಧವನ್ನು ಮಾತ್ರೆಯಲ್ಲಿ ತುಂಬಿರುತ್ತಾರೆ. ಎಲೆಯ ಮೇಲೆ ಅಚ್ಚಾಗಿರುವ 5 ಮಿಲಿಗ್ರಾಂ, 10 ಮಿಲಿಗ್ರಾಂ ಎಂಬ ಅಂಕಿಗಳ ಒಳಗೆ, ಕಿಣ್ವ ತನ್ನ ಪಾಲನ್ನು ತಪ್ಪದೆ ತಿನ್ನುತ್ತದೆ ಎಂಬ ನಂಬಿಕೆ ಅಡಗಿದೆ.

ಕರುಳಿನ ಕಟ್ಟೆ ಒಂದು ದಿನ ಮುಚ್ಚಿದರೆ? ನೂರಕ್ಕೆ ನೂರು ಲಿವರ್ ತಲುಪುತ್ತದೆ, ಮೂರನೆಯ ಒಂದು ಭಾಗ ಎಂದರೆ 33 ಪಾಲು ರಕ್ತಕ್ಕೆ ಬರುತ್ತದೆ. ರೋಗಿ ಒಂದು ಮಾತ್ರೆ ನುಂಗಿ ಎರಡಕ್ಕಿಂತ ಹೆಚ್ಚು ಮಾತ್ರೆ ನುಂಗಿದ ಹಾಗಾಯಿತು. ಎರಡೂ ಕಟ್ಟೆ ಮುಚ್ಚಿದರೆ ಇನ್ನೂ ಹೆಚ್ಚು. ಅಷ್ಟೇ ಅಲ್ಲ, ಒಮ್ಮೆ ರಕ್ತಕ್ಕೆ ಬಂದ ಔಷಧವನ್ನು ಸುತ್ತುಸುತ್ತಿಗೂ ಸವೆಸಬೇಕಾದದ್ದು ಲಿವರ್ರೇ. ಅದೂ ಕೈಕಟ್ಟಿ ಕುಳಿತರೆ ಬಂದದ್ದು ಹೊರಹೋಗುವುದಿಲ್ಲ, ಮರುದಿನದ ಮಾತ್ರೆ ಅದರ ಮೇಲೆ ಪೇರುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ನಮ್ಮಲ್ಲಿ ಮನೆಮನೆಯಲ್ಲಿರುವ ಬಿಪಿ ಮಾತ್ರೆ ಆಮ್ಲೊಡಿಪಿನ್ ಫೆಲೊಡಿಪಿನ್ನಿನ ಹತ್ತಿರದ ಸಂಬಂಧಿಯೇ. ಆದರೆ ಅದು ನೂರಕ್ಕೆ 60ರಿಂದ 90 ಪಾಲು ಹೇಗೂ ರಕ್ತ ಸೇರುತ್ತದೆ. ಕರುಳಿನ ಕಟ್ಟೆ ಮುಚ್ಚಿದರೂ ಅದರಲ್ಲಿ ಏರುವುದಕ್ಕೆ ಹೆಚ್ಚು ಜಾಗವೇ ಇಲ್ಲ. ಮೊದಲ ಸುತ್ತಿನಲ್ಲಿ ಹೆಚ್ಚು ಕಳೆದುಕೊಳ್ಳುವ ಔಷಧಕ್ಕೇ ಹೆಚ್ಚು ಅಪಾಯ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್ ನೂರಕ್ಕೆ ಐದು ಪಾಲೂ ರಕ್ತ ಸೇರದು. ಅದು ಎಷ್ಟು ಏರಬಲ್ಲದು ಎಂದು ಊಹಿಸಿಕೊಳ್ಳಿ.

ಟರ್ಫೆನಡಿನ್ ಈ ದಿಕ್ಕಿನಲ್ಲಿ ಕೊನೆಯ ತುದಿ. ನುಂಗಿದ ಮಾತ್ರೆ ಹೆಚ್ಚುಕಡಿಮೆ ಪೂರ್ತಿಯಾಗಿ ಮೊದಲ ಸುತ್ತಿನಲ್ಲೇ ರೂಪ ಬದಲಿಸುತ್ತಿತ್ತು. 3ಎ4 ಅದನ್ನು ಫೆಕ್ಸೊಫೆನಡಿನ್ ಆಗಿ ಮಾಡುತ್ತಿತ್ತು, ಸೀನು ನಿಲ್ಲಿಸುತ್ತಿದ್ದುದು ನಿಜವಾಗಿ ಈ ಫೆಕ್ಸೊಫೆನಡಿನ್. ಮೂಲ ಟರ್ಫೆನಡಿನ್ನಿಗೆ ಒಂದು ಕೆಟ್ಟ ಗುಣವಿತ್ತು: ಹೃದಯದ ಕೋಶಗಳು ಪೊಟ್ಯಾಸಿಯಂ ಹೊರಬಿಡುವ ಕಿಂಡಿಯನ್ನು ಅದು ಮುಚ್ಚುತ್ತಿತ್ತು. ಆ ಕಿಂಡಿ ಮುಚ್ಚಿದರೆ ಕ್ಯೂಟಿ ಹಿಗ್ಗುತ್ತದೆ. ಆದರೆ ಹೃದಯ ಮುಟ್ಟುವ ಹೊತ್ತಿಗೆ ಟರ್ಫೆನಡಿನ್ ಉಳಿದಿರುತ್ತಲೇ ಇರಲಿಲ್ಲವಾದ್ದರಿಂದ 1985ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಆ ಮಾತ್ರೆಯ ಈ ಗುಣ ಯಾರ ಲಕ್ಷ್ಯಕ್ಕೂ ಬಿದ್ದಿರಲಿಲ್ಲ. ನಿದ್ದೆ ಬರಿಸದ ಮೊದಲ ಅಲರ್ಜಿ ಮಾತ್ರೆ ಎಂದು ಲಕ್ಷಾಂತರ ಜನ ನುಂಗಿದರು. ಕೀಟೊಕೊನಜೋಲ್ ಬಂದು ಕಿಣ್ವವನ್ನು ಸುಮ್ಮನಾಗಿಸಿದಾಗ ಕಚ್ಚಾ ಟರ್ಫೆನಡಿನ್ ಹಾಗೇ ಹೃದಯಕ್ಕೆ ಹೋಯಿತು. 1993ರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಎರಡನ್ನೂ ಒಟ್ಟಿಗೆ ಕೊಟ್ಟು ಪರೀಕ್ಷಿಸಿದಾಗ ಅವರಲ್ಲೂ ರಕ್ತದಲ್ಲಿ ಟರ್ಫೆನಡಿನ್ ಕಾಣಿಸಿತು, ಕ್ಯೂಟಿ ಹಿಗ್ಗಿತು. ಅನುಮಾನಕ್ಕೆ ಜಾಗ ಉಳಿಯಲಿಲ್ಲ. 1996ರಲ್ಲಿ ಫೆಕ್ಸೊಫೆನಡಿನ್ನನ್ನೇ ಮಾತ್ರೆಯಾಗಿ ಮಾರಲು ಒಪ್ಪಿಗೆ ಸಿಕ್ಕಿತು. 1998ರ ಆರಂಭಕ್ಕೆ ಟರ್ಫೆನಡಿನ್ ಅಮೆರಿಕದಲ್ಲಿ ನಿಂತುಹೋಯಿತು, ಭಾರತ ಸರ್ಕಾರ 2003ರಲ್ಲಿ ನಿಷೇಧಿಸಿತು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇಂದು ಅಲರ್ಜಿಗೆ ಸಿಗುವುದು ಆ ಫೆಕ್ಸೊಫೆನಡಿನ್, ಹೃದಯಕ್ಕೆ ತೊಂದರೆ ಕೊಡದ ರೂಪ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಫಂಗಸ್ ಕೊಲ್ಲುವ ಔಷಧಕ್ಕೂ ನಮ್ಮ ಲಿವರ್ ಕಿಣ್ವಕ್ಕೂ ಏನು ಸಂಬಂಧ? ಕಾಕತಾಳೀಯವೇ? ಖಂಡಿತ ಅಲ್ಲ, ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗವೇ ಇದು. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟರಾಲ್ ಹೇಗೋ ಫಂಗಸ್ಸಿನ ಪೊರೆಗೆ ಎರ್ಗೊಸ್ಟೆರಾಲ್ ಹಾಗೆ. ಅದಿಲ್ಲದೆ ಪೊರೆ ನಿಲ್ಲದು. ಎರ್ಗೊಸ್ಟೆರಾಲ್ ತಯಾರಾಗುವಾಗ ನಡುವಿನ ಒಂದು ಹೆಜ್ಜೆಯನ್ನು ಒಂದು ಕಿಣ್ವ ಮಾಡಿಕೊಡಬೇಕು. ಆ ಕಿಣ್ವ ಯಾವುದು ಗೊತ್ತೇ? ಅದೂ ಪಿ450 ಕುಟುಂಬದ್ದೇ, ಹೆಸರು ಸಿವೈಪಿ51. ಅದರ ನಡುವೆಯೂ ಅದೇ ಕಬ್ಬಿಣ. ಏಜೋಲ್ ಗುಂಪಿನ ಔಷಧಗಳಲ್ಲಿ ಸಾರಜನಕವಿರುವ ಒಂದು ಉಂಗುರವಿದೆ. ಆ ಸಾರಜನಕ ಹೋಗಿ ಕಬ್ಬಿಣವನ್ನು ನೇರವಾಗಿ ಹಿಡಿದುಕೊಳ್ಳುತ್ತದೆ. ಆಮ್ಲಜನಕ ಬಂದು ಕೂರಬೇಕಾದ ಜಾಗ ಭರ್ತಿಯಾಯಿತು, ಕಿಣ್ವದ ಕೆಲಸ ನಿಂತಿತು, ಫಂಗಸ್ ಸತ್ತಿತು. ಗುರಿ ಇಟ್ಟದ್ದು ಫಂಗಸ್ಸಿನ ಪಿ450ಗೆ. ಆದರೆ ನಮ್ಮ ಪಿ450ಗಳಲ್ಲೂ ಅದೇ ಕಬ್ಬಿಣ ಇರುವಾಗ ಅಲ್ಲಿಗೂ ಏಟು ಬೀಳದೆ ಇರುತ್ತದೆಯೇ? ಔಷಧ ತನ್ನ ಕೆಲಸವನ್ನೇ ಮಾಡುತ್ತಿದೆ, ದಾಯಾದಿಯ ಮನೆಯಲ್ಲಿ.

ಅದಕ್ಕೇ ಎಲ್ಲ ಫಂಗಸ್ ಔಷಧಗಳೂ ಹೀಗಲ್ಲ. ಟರ್ಬಿನಾಫಿನ್ ಕೂಡ ಎರ್ಗೊಸ್ಟೆರಾಲ್ ತಯಾರಿಯನ್ನೇ ತಡೆಯುತ್ತದೆ, ಆದರೆ ಇನ್ನೊಂದು ಹೆಜ್ಜೆಯಲ್ಲಿ, ಪಿ450 ಅಲ್ಲದ ಕಿಣ್ವವನ್ನು ಹಿಡಿದು. ಆದ್ದರಿಂದ ಅದು 3ಎ4ನ್ನು ಕೆಣಕುವುದಿಲ್ಲ. ಬೇರೊಂದು ಲಿವರ್ ಕಿಣ್ವಕ್ಕೆ ಅದು ತೊಂದರೆ ಕೊಡುತ್ತದೆ, ಆ ಮಾತು ಬೇರೆ. ಏಜೋಲ್‌ಗಳ ಒಳಗೂ ವ್ಯತ್ಯಾಸವಿದೆ. ಕೀಟೊಕೊನಜೋಲ್, ಇಟ್ರಕೊನಜೋಲ್ ಎರಡೂ 3ಎ4ನ್ನು ಬಲವಾಗಿ ಹಿಡಿಯುತ್ತವೆ. ಫ್ಲುಕೊನಜೋಲ್ ಅಲ್ಲಿ ಮಧ್ಯಮ, ಆದರೆ 2ಸಿ9 ಎಂಬ ಸೋದರ ಕಿಣ್ವದ ಮೇಲೆ ಅದರ ಹಿಡಿತ ಬಿಗಿ.

ಇನ್ನು ಹಣ್ಣಿನ ಕಡೆಗೆ ಬರೋಣ. ಗ್ರೇಪ್‌ಫ್ರೂಟ್ ನಮ್ಮ ಸಂತೆಗಳಲ್ಲಿ ಅಪರೂಪ. ದ್ರಾಕ್ಷಿಗೂ ಅದಕ್ಕೂ ಸಂಬಂಧವಿಲ್ಲ, ಕಿತ್ತಳೆಯ ಜಾತಿ, ದೊಡ್ಡದು, ತುಸು ಕಹಿ. ಚಕ್ಕೋತವೂ ಸಿಹಿ ಕಿತ್ತಳೆಯೂ ಬೆರೆತು ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ್ದು. ಅಮೆರಿಕ, ಕೆನಡಾದಲ್ಲಿ ಬೆಳಗಿನ ತಿಂಡಿಗೆ ಅದರ ರಸ ಮಾಮೂಲು. ಕೆನಡಾದ ಒಂಟಾರಿಯೊ ಪ್ರಾಂತದ ಲಂಡನ್ ಎಂಬ ಊರಿನಲ್ಲಿ ಡೇವಿಡ್ ಬೈಲಿ ಎಂಬ ಔಷಧವಿಜ್ಞಾನಿ ಇದ್ದರು. ಯೌವನದಲ್ಲಿ ಓಟಗಾರ, ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿದ ಮೊದಲ ಕೆನಡಿಗ ಎಂಬ ಹೆಸರೂ ಅವರಿಗಿದೆ. ಮದ್ಯ ಕುಡಿದರೆ ಫೆಲೊಡಿಪಿನ್ನಿನ ಪರಿಣಾಮ ಬದಲಾಗುತ್ತದೆಯೇ ಎಂದು ಅವರು ನೋಡಲು ಹೊರಟಿದ್ದರು. ಯಾವ ಲೋಟದಲ್ಲಿ ಮದ್ಯವಿದೆ ಎಂದು ಕುಡಿಯುವವರಿಗೆ ಗೊತ್ತಾಗಬಾರದು, ಅದಕ್ಕೆ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ಮದ್ಯ ಕುಡಿದವರು, ಕುಡಿಯದವರು, ಇಬ್ಬರ ರಕ್ತದಲ್ಲೂ ಫೆಲೊಡಿಪಿನ್ ನಿರೀಕ್ಷೆಗಿಂತ ಎಷ್ಟೋ ಹೆಚ್ಚು ಬಂತು. ಮದ್ಯದ ತಪ್ಪಲ್ಲವೆಂದ ಮೇಲೆ ಉಳಿದದ್ದು ರಸ ಒಂದೇ. ಬೈಲಿ ತಮ್ಮ ಮೇಲೆಯೇ ಪರೀಕ್ಷೆ ಮಾಡಿಕೊಂಡು ಖಚಿತಪಡಿಸಿಕೊಂಡರು. 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವರ ವರದಿಯಲ್ಲಿ, ನೀರಿನ ಜೊತೆ ನುಂಗಿದಾಗ ಬರುವುದಕ್ಕಿಂತ ರಸದ ಜೊತೆ ನುಂಗಿದಾಗ ಸರಾಸರಿ ಎರಡೂಮುಕ್ಕಾಲು ಪಟ್ಟಿಗಿಂತ ಹೆಚ್ಚು ಫೆಲೊಡಿಪಿನ್ ರಕ್ತಕ್ಕೆ ಬಂದಿತ್ತು. ಕಿತ್ತಳೆ ರಸದಿಂದ ಏನೂ ಆಗಿರಲಿಲ್ಲ.

ಹಣ್ಣು ಕಿಣ್ವವನ್ನು ತಡೆಯುವ ಬಗೆ ಬೇರೆ. ಗ್ರೇಪ್‌ಫ್ರೂಟ್‌ನಲ್ಲಿ ಬರ್ಗಮೊಟಿನ್ ಮತ್ತು ಅದರ ಸಂಬಂಧಿ ವಸ್ತುಗಳಿವೆ, ಫ್ಯೂರನೊಕೂಮರಿನ್‌ಗಳು ಎಂದು ಇವುಗಳ ಗುಂಪಿನ ಹೆಸರು. 3ಎ4 ಇವನ್ನೂ ಎಲ್ಲದರಂತೆ ಹಿಡಿದು ಆಮ್ಲಜನಕ ಅಂಟಿಸಲು ಹೋಗುತ್ತದೆ. ಅಂಟಿಸಿದ ಗಳಿಗೆಯಲ್ಲಿ ಹುಟ್ಟುವ ವಸ್ತು ಬಹಳ ಚುರುಕು, ಹೊರಗೆ ಹೋಗುವ ಬದಲು ಕಿಣ್ವಕ್ಕೇ ಕಚ್ಚಿಕೊಂಡುಬಿಡುತ್ತದೆ. ಕಿಣ್ವ ತನ್ನ ಕೈಯಾರೆ ತನ್ನನ್ನು ಕೊಂದುಕೊಂಡ ಹಾಗೆ. ಕೆಟ್ಟ ಕಿಣ್ವವನ್ನು ಕೋಶ ಒಡೆದು ಹಾಕುತ್ತದೆ. 1997ರಲ್ಲಿ ಸ್ವಯಂಸೇವಕರಿಗೆ ಕೆಲವು ದಿನ ರಸ ಕುಡಿಸಿ ಕರುಳಿನ ಗೋಡೆಯ ಚೂರು ತೆಗೆದು ನೋಡಿದಾಗ ಅಲ್ಲಿನ 3ಎ4 ನೂರಕ್ಕೆ 62ರಷ್ಟು ಇಳಿದಿತ್ತು. ಲಿವರ್‌ನ ಕಿಣ್ವ ಹಾಗೇ ಇತ್ತು. ರಸದಲ್ಲಿರುವ ಪದಾರ್ಥ ಕರುಳಿನಲ್ಲೇ ಮುಗಿದುಹೋಗುತ್ತದೆ, ಲಿವರ್ ತಲುಪುವಷ್ಟು ಉಳಿಯುವುದಿಲ್ಲ. ಅದಕ್ಕೇ ಇಂಜೆಕ್ಷನ್ ಮೂಲಕ ಕೊಟ್ಟ ಔಷಧಕ್ಕೆ ಹಣ್ಣಿನ ಕಾಟ ಇಲ್ಲ.

‘ಬೆಳಿಗ್ಗೆ ರಸ ಕುಡಿದು ರಾತ್ರಿ ಮಾತ್ರೆ ತಗೊಂಡರೆ ಆಯ್ತಲ್ಲ’ ಎಂದು ಅನೇಕರು ಕೇಳುತ್ತಾರೆ. ಆಗುವುದಿಲ್ಲ. ರಸ ಹೊಟ್ಟೆಯಿಂದ ಯಾವಾಗಲೋ ಹೋಗಿರುತ್ತದೆ, ಆದರೆ ಸತ್ತ ಕಿಣ್ವ ಎದ್ದು ಬರುವುದಿಲ್ಲ. ಕರುಳಿನ ಕೋಶಗಳು ಹೊಸದಾಗಿ ತಯಾರಿಸಬೇಕು. ಸುಮಾರು ಒಂದು ದಿನದಲ್ಲಿ ಅರ್ಧ ನಷ್ಟ ತುಂಬುತ್ತದೆ, ಪೂರ್ತಿ ಸರಿಹೋಗಲು ಮೂರು ದಿನ ಬೇಕು. ಒಂದೇ ಲೋಟ, 200 ಮಿಲಿಲೀಟರ್, ಇಷ್ಟಕ್ಕೆ ಸಾಕು. ಪ್ರತಿದಿನ ಒಂದು ಲೋಟ ಕುಡಿಯುವವರಲ್ಲಿ ಸಿಮ್ವಾಸ್ಟಾಟಿನ್ ಮೂರೂವರೆ ಪಟ್ಟಿಗಿಂತ ಹೆಚ್ಚಾಗಿ ಏರಿದ್ದನ್ನು ಫಿನ್ಲೆಂಡಿನ ಸಂಶೋಧಕರು ಅಳೆದಿದ್ದಾರೆ.

ಆದರೆ ಎಲ್ಲರಿಗೂ ಹೀಗಾಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಹುಟ್ಟಿನಿಂದಲೇ ಒಬ್ಬರ ಕರುಳಿನಲ್ಲಿ ಈ ಕಿಣ್ವ ಇನ್ನೊಬ್ಬರಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಹೆಚ್ಚಿದ್ದವರು ಹೆಚ್ಚು ಕಳೆದುಕೊಳ್ಳುತ್ತಾರೆ, ಕಡಿಮೆ ಇದ್ದವರಿಗೆ ಕಳೆದುಕೊಳ್ಳಲು ಏನಿದೆ? ಒಂದೇ ಲೋಟ ರಸ ಕುಡಿದು ಗಂಡನಿಗೆ ಏನೂ ಆಗದೆ ಹೆಂಡತಿಗೆ ತಲೆ ಸುತ್ತಬಹುದು. ಯಾರು ಯಾವ ಗುಂಪಿನವರು ಎಂದು ಮೊದಲೇ ಹೇಳುವ ಮಾಮೂಲಿ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ.

ಗ್ರೇಪ್‌ಫ್ರೂಟಿನ ತಂದೆಯೋ ತಾಯಿಯೋ ಆದ ಚಕ್ಕೋತದಲ್ಲೂ ಫ್ಯೂರನೊಕೂಮರಿನ್ ಇದೆ. ದೇವನಹಳ್ಳಿಯ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ, ಅದರ ರುಚಿ ಬಲ್ಲವರು ಬಿಡುವವರಲ್ಲ. ಬಿಡಬೇಕಾಗಿಯೂ ಇಲ್ಲ, ಆದರೆ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಇದು ಅನ್ವಯಿಸದು. ಅವರು ಜೀವನವಿಡೀ ನುಂಗುವ ಟಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಎರಡೂ 3ಎ4 ಸವೆಸುವ ಔಷಧಗಳು, ಸ್ವಲ್ಪ ಏರಿದರೂ ಕಸಿಮಾಡಿದ ಕಿಡ್ನಿಗೇ ಪೆಟ್ಟು. ಚಕ್ಕೋತ ತಿಂದ ಮೇಲೆ ಈ ಔಷಧಗಳ ಮಟ್ಟ ಏರಿದ ವರದಿಗಳಿವೆ. ಅವರು ಚಕ್ಕೋತವನ್ನೂ ಗ್ರೇಪ್‌ಫ್ರೂಟನ್ನೂ ಪೂರ್ತಿ ಬಿಡುವುದೇ ಸರಿ. ಮಕ್ಕಳ ಮನೆಗೆಂದು ಆರು ತಿಂಗಳ ಮಾತ್ರೆ ಕಟ್ಟಿಕೊಂಡು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರೂ ಅಲ್ಲಿನ ಫ್ರಿಜ್ಜಿನಲ್ಲಿರುವ ರಸ ಯಾವ ಹಣ್ಣಿನದೆಂದು ಒಮ್ಮೆ ಕೇಳಿ ಕುಡಿಯುವುದು ಒಳ್ಳೆಯದು.

ನಮ್ಮ ಊರುಗಳ ಮಟ್ಟಿಗೆ ಹಣ್ಣಿಗಿಂತ ದೊಡ್ಡ ವಿಷಯ ಇಟ್ರಕೊನಜೋಲ್. ಕಳೆದ ಕೆಲವು ವರ್ಷಗಳಿಂದ ಗಜಕರ್ಣ, ಕೆಲವು ಕಡೆ ಹುಳುಕಡ್ಡಿ ಎನ್ನುತ್ತಾರಲ್ಲ, ಅದು ದೇಶದಾದ್ಯಂತ ಹಠಮಾರಿಯಾಗಿದೆ. ತೊಡೆಸಂದು, ಸೊಂಟ, ಕಂಕುಳಲ್ಲಿ ಬಂದದ್ದು ಮುಲಾಮಿಗೆ ಬಗ್ಗುವುದಿಲ್ಲ. ಟರ್ಬಿನಾಫಿನ್ನಿಗೂ ಬಗ್ಗದ ತಳಿಗಳು ಹಬ್ಬಿವೆ. ಹಾಗಾಗಿ ಚರ್ಮದ ವೈದ್ಯರು ಇಟ್ರಕೊನಜೋಲ್ ಕ್ಯಾಪ್ಸೂಲುಗಳನ್ನು ವಾರಗಟ್ಟಲೆ ಕೊಡಬೇಕಾಗಿದೆ. ಅದರಲ್ಲಿ ತಪ್ಪಿಲ್ಲ. ತೊಂದರೆ ಏನೆಂದರೆ ಕಜ್ಜಿಗೆ ತಾನೇ ಎಂದು ಹೋದವರು ಬಿಪಿ, ಕೊಲೆಸ್ಟರಾಲ್ ಮಾತ್ರೆಗಳ ಮಾತೇ ಎತ್ತುವುದಿಲ್ಲ. ಚೀಟಿಯಿಲ್ಲದೆ ಅಂಗಡಿಯಿಂದಲೇ ತಂದವರನ್ನು ಕೇಳುವವರೂ ಇರುವುದಿಲ್ಲ.

ಒಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು 58, ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು, ರಾತ್ರಿ ಅಟೊರ್ವಾಸ್ಟಾಟಿನ್ 40 ಮಿಲಿಗ್ರಾಂ ನುಂಗುತ್ತಾರೆ. ತೊಡೆಸಂದಿನ ಗಜಕರ್ಣಕ್ಕೆ ಇಟ್ರಕೊನಜೋಲ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿಯಂತೆ ನಾಲ್ಕು ವಾರಕ್ಕೆ ಶುರುವಾಯಿತು. ಇಟ್ರಕೊನಜೋಲ್ ಅಟೊರ್ವಾಸ್ಟಾಟಿನ್ನನ್ನು ಸುಮಾರು ಮೂರು ಪಟ್ಟು ಏರಿಸುತ್ತದೆ. ಅಂದರೆ 40ರ ಮಾತ್ರೆ ನುಂಗಿದವರ ರಕ್ತದಲ್ಲಿ 120ರ ಮಾತ್ರೆ ನುಂಗಿದಷ್ಟು ಔಷಧ. ಯಾರಿಗೂ 80ಕ್ಕಿಂತ ಹೆಚ್ಚು ಕೊಡಬಾರದು ಎಂಬ ಮಿತಿ ಇರುವ ಔಷಧ ಅದು. ವಾರ ಹತ್ತು ದಿನದಲ್ಲಿ ತೊಡೆ, ಭುಜಗಳ ಮಾಂಸಖಂಡ ನೋಯತೊಡಗುತ್ತವೆ, ಮೆಟ್ಟಿಲು ಹತ್ತಲು ಕಷ್ಟ. ವಯಸ್ಸಾಯಿತು ಎಂದೋ ವಾಕಿಂಗ್ ಜಾಸ್ತಿಯಾಯಿತು ಎಂದೋ ಸುಮ್ಮನಿರುತ್ತಾರೆ. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾಂಸಖಂಡ ಕರಗಿ ಕಿಡ್ನಿ ಕಟ್ಟಿಕೊಳ್ಳುತ್ತಿದೆ ಎಂದರ್ಥ, ಆಗ ಒಂದು ದಿನವೂ ಕಾಯುವಂತಿಲ್ಲ. ಸಿಪಿಕೆ ಎಂಬ ರಕ್ತಪರೀಕ್ಷೆ ಇದನ್ನು ತೋರಿಸಿಕೊಡುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಬಹಳ ಮಂದಿಗೆ ಏನೂ ಆಗದೆ ಚಿಕಿತ್ಸೆ ಮುಗಿಯುತ್ತದೆ. ಆದರೆ ತಪ್ಪಿಸುವುದು ಎಷ್ಟು ಸುಲಭ ನೋಡಿ. ವೈದ್ಯರಿಗೆ ತಿಳಿದಿದ್ದರೆ ಅಟೊರ್ವಾಸ್ಟಾಟಿನ್ನನ್ನು ಆ ಅವಧಿಗೆ 20ರ ಒಳಗೆ ಇಳಿಸಬಹುದು, ಇಲ್ಲವೇ 3ಎ4ನ್ನು ನೆಚ್ಚಿಕೊಳ್ಳದ ರೊಸುವಾಸ್ಟಾಟಿನ್ನಿಗೆ ಬದಲಿಸಬಹುದು. ಸಿಮ್ವಾಸ್ಟಾಟಿನ್ ಆಗಿದ್ದರೆ ನಿಲ್ಲಿಸಲೇಬೇಕು, ಇಟ್ರಕೊನಜೋಲ್ ಅದನ್ನು ಹತ್ತು ಪಟ್ಟಿಗೂ ಮೀರಿ ಏರಿಸುತ್ತದೆ.

ಕ್ಯಾಪ್ಸೂಲು ಮುಗಿದ ಕೂಡಲೇ ಹಳೆಯ ಪ್ರಮಾಣಕ್ಕೆ ಮರಳುವಂತೆಯೂ ಇಲ್ಲ. ಇಟ್ರಕೊನಜೋಲ್ ಹಣ್ಣಿನಂತೆ ಕಿಣ್ವವನ್ನು ಕೊಲ್ಲುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. ಹಾಗಾದರೆ ಬೇಗ ಬಿಡಬೇಕಲ್ಲ ಎನ್ನಿಸಬಹುದು. ಆದರೆ ಅದು ಮೈಯಿಂದ ಹೊರಹೋಗುವುದೇ ನಿಧಾನ, ರಕ್ತದಿಂದ ಪೂರ್ತಿ ಇಳಿಯಲು ಒಂದರಿಂದ ಎರಡು ವಾರ ಬೇಕು. ಅಲ್ಲಿಯವರೆಗೆ ಕಟ್ಟೆ ಅರ್ಧ ಮುಚ್ಚಿಯೇ ಇರುತ್ತದೆ.

ಸಕ್ಕರೆ ಕಾಯಿಲೆಯವರು ಎಚ್ಚರವಿರಬೇಕಾದದ್ದು ಫ್ಲುಕೊನಜೋಲ್ ಬಗ್ಗೆ. ಗ್ಲಿಮೆಪಿರೈಡ್ ಮಾತ್ರೆಯನ್ನು ಸವೆಸುವುದು 2ಸಿ9. ಫ್ಲುಕೊನಜೋಲ್ ಅದನ್ನು ಹಿಡಿದರೆ ಗ್ಲಿಮೆಪಿರೈಡ್ ರಕ್ತದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಸಕ್ಕರೆ ಇದ್ದಕ್ಕಿದ್ದಂತೆ ಕುಸಿದು ಬೆವರು, ನಡುಕ, ತಬ್ಬಿಬ್ಬು ಶುರುವಾಗುತ್ತದೆ. ಸಕ್ಕರೆ ಹೆಚ್ಚಿದ್ದವರಿಗೇ ಫಂಗಸ್ ಕಾಟವೂ ಹೆಚ್ಚು, ಹಾಗಾಗಿ ಈ ಜೋಡಿ ಒಂದೇ ಚೀಟಿಯಲ್ಲಿ ಸೇರುವುದು ಅಪರೂಪವೇನಲ್ಲ. ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿನೊಕೂಮರಾಲ್ ನುಂಗುವವರಿಗೂ ಇದೇ ಕಿಣ್ವ. ಅವರು ಫ್ಲುಕೊನಜೋಲ್ ಶುರುಮಾಡಿದರೆ ಕೆಲವೇ ದಿನಗಳಲ್ಲಿ ಐಎನ್ಆರ್ ಮತ್ತೆ ಮಾಡಿಸಬೇಕು, ಇಲ್ಲದಿದ್ದರೆ ವಸಡಿನಿಂದಲೋ ಮೂಗಿನಿಂದಲೋ ರಕ್ತ ಬಂದ ಮೇಲೆಯೇ ಗೊತ್ತಾಗುವುದು. ಮೈಮೇಲೆ ಹಚ್ಚುವ ಕ್ರೀಮುಗಳಿಗೆ ಮಾತ್ರ ಇಷ್ಟು ಹೆದರಬೇಕಾಗಿಲ್ಲ, ರಕ್ತಕ್ಕೆ ಸೇರುವುದು ಅತ್ಯಲ್ಪ.

ಇದೇ ಗುಣವನ್ನು ವೈದ್ಯರು ಬೇಕೆಂದೇ ಬಳಸಿಕೊಂಡದ್ದೂ ಉಂಟು. ಸೈಕ್ಲೊಸ್ಪೊರಿನ್ ದುಬಾರಿ ಔಷಧ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕಸಿ ವೈದ್ಯರು ಅದರ ಜೊತೆ ಅಗ್ಗದ ಕೀಟೊಕೊನಜೋಲ್ ಕೊಟ್ಟು ಸೈಕ್ಲೊಸ್ಪೊರಿನ್ನನ್ನು ಮುಕ್ಕಾಲು ಭಾಗದಷ್ಟು ಕಡಿತಗೊಳಿಸಿ ತೋರಿಸಿದರು. ಭಾರತದಲ್ಲೂ ಕೈಯಿಂದ ದುಡ್ಡು ಕೊಡಬೇಕಾದ ರೋಗಿಗಳಿಗೆ ಈ ಉಪಾಯ ನಡೆದಿದೆ, ಕೀಟೊಕೊನಜೋಲ್‌ಗೆ ಬದಲು ಡಿಲ್ಟಿಯಜೆಮ್ ಎಂಬ ಬಿಪಿ ಮಾತ್ರೆಯನ್ನೂ ಇದಕ್ಕೇ ಬಳಸುತ್ತಾರೆ. ಕೋವಿಡ್‌ಗೆ ಬಂದ ನಿರ್ಮಟ್ರೆಲ್ವಿರ್ ಮಾತ್ರೆಯ ಜೊತೆ ರಿಟೊನವಿರ್ ಸೇರಿಸುವುದೂ 3ಎ4ನ್ನು ತಡೆಯಲಿಕ್ಕೇ. ಇಂಥ ಜೋಡಿಯಲ್ಲಿ ಇರುವವರಿಗೆ ಅಪಾಯ ಬರುವುದು ತಡೆಯುವ ಮಾತ್ರೆಯನ್ನು ನಿಲ್ಲಿಸಿದಾಗ. ಕಿಣ್ವ ಎಚ್ಚೆತ್ತು ಕಸಿಯ ಔಷಧವನ್ನು ಸವೆಸಿಬಿಡುತ್ತದೆ, ಮೈ ಹೊಸ ಕಿಡ್ನಿಯ ಮೇಲೆ ತಿರುಗಿಬೀಳುತ್ತದೆ. ಬಿಪಿ ಸರಿಯಾಗಿದೆಯೆಂದು ತಾವಾಗಿಯೇ ಡಿಲ್ಟಿಯಜೆಮ್ ಬಿಟ್ಟುಬಿಡುವವರಿಗೆ ಈ ಮಾತು.

ನಿಮ್ಮ ಮನೆಯಲ್ಲಿ ಫಂಗಸ್ಸಿಗೆಂದು ತಂದ ಮಾತ್ರೆ ಇದ್ದರೆ ಅದರ ಎಲೆಯನ್ನು ತಿರುಗಿಸಿ ನೋಡಿ. ಕಂಪನಿ ಇಟ್ಟ ದೊಡ್ಡ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರಿರುತ್ತದೆ. ಅದು ‘ಕೊನಜೋಲ್’ ಎಂದು ಕೊನೆಯಾದರೆ ಈ ಲೇಖನ ಅದರ ಬಗ್ಗೆಯೇ. ಬರಿಯ ‘ಜೋಲ್’ ಕಂಡು ಹೆದರಬೇಡಿ, ಗ್ಯಾಸ್ಟ್ರಿಕ್‌ಗೆ ನುಂಗುವ ಪ್ಯಾಂಟೊಪ್ರಜೋಲ್, ಜಂತುಹುಳಕ್ಕೆ ಕೊಡುವ ಅಲ್ಬೆಂಡಜೋಲ್ ಈ ಗುಂಪಿನವಲ್ಲ. ಕೊನಜೋಲ್ ಇದ್ದರೆ, ಹೃದಯ, ಬಿಪಿ, ಸಕ್ಕರೆ, ಕೊಲೆಸ್ಟರಾಲ್, ನಿದ್ದೆ, ಅಸ್ತಮಾ, ಯಾವುದಕ್ಕೇ ಆಗಲಿ ದಿನವೂ ತೆಗೆದುಕೊಳ್ಳುವ ಔಷಧಗಳೆಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಹೆಸರು ನೆನಪಿಟ್ಟುಕೊಂಡು ಹೇಳುವುದಕ್ಕಿಂತ ಅದು ಮೇಲು. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಯಾವುದನ್ನು ಇಳಿಸಬೇಕು, ಎಷ್ಟು ದಿನ ಎನ್ನುವುದನ್ನು ಅವರು ನೋಡಿ ಹೇಳಲಿ.